ರಾತ್ರಿ ಇಟ್ಟ ಹಾಲು ಬೆಳಗ್ಗೆ ಯಾಕೆ ಹುಳಿಯಾಗುತ್ತೆ? ಮಕ್ಕಳು ಕೇಳಿದ ಏಳು ಪ್ರಶ್ನೆ, ಹೈನುಗಾರರಿಗೂ ಬೇಕಾದ ಉತ್ತರ



ಈ ವಾರ ಬೆಳೆ, ಗೊಬ್ಬರ ಬಿಟ್ಟು ಹಾಲಿನ ವಿಷಯ. ನಾನು ಓದಿದ್ದು ತೋಟಗಾರಿಕೆಯಾದರೂ ಸಾವಯವ ಕೃಷಿ ಅಂದಮೇಲೆ ಕೊಟ್ಟಿಗೆ ಇದ್ದೇ ಇರುತ್ತೆ. ನಮ್ಮ ತೋಟ ನೋಡಲು ಊರಿನ ಶಾಲೆ ಮಕ್ಕಳು ಆಗಾಗ ಬರುತ್ತಾರೆ. ಗಿಡಗಳ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಹಸುವಿನ ಬಗ್ಗೆ ಹತ್ತು ಕೇಳುತ್ತಾರೆ. ಅದರಲ್ಲಿ ಪದೇ ಪದೇ ಬರುವುದು ಇದು: "ಅಕ್ಕಾ, ರಾತ್ರಿ ಚೆನ್ನಾಗಿದ್ದ ಹಾಲು ಬೆಳಗ್ಗೆ ಹೊತ್ತಿಗೆ ಹುಳಿ ಯಾಕಾಗುತ್ತೆ?"

ಸಂಜೆ ಡೈರಿ ಟೈಮ್ ತಪ್ಪಿಸಿಕೊಂಡು ಹಾಲನ್ನು ಮನೆಯಲ್ಲೇ ಇಟ್ಟುಕೊಂಡವರಿಗೆ, ಮನೆಮನೆಗೆ ಹಾಲು ಹಾಕುವ ಹುಡುಗರಿಗೆ ಇದು ದುಡ್ಡಿನ ಪ್ರಶ್ನೆಯೂ ಹೌದು. ಹಾಗಾಗಿ ಮಕ್ಕಳ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟು, ಉತ್ತರ ಬರೆದಿದ್ದೇನೆ. ನಿಮ್ಮ ಮನೆ ಮಕ್ಕಳಿಗೂ ಓದಿ ಹೇಳಬಹುದು.

1. ಹಾಲು ಸಿಹಿ ಇರುತ್ತಲ್ಲ, ಹುಳಿ ಎಲ್ಲಿಂದ ಬಂತು?

ಹುಳಿ ಹೊರಗಿಂದ ಬರಲಿಲ್ಲ. ಹಾಲಿನೊಳಗಿದ್ದ ಸಿಹಿಯೇ ಹುಳಿಯಾಯಿತು.

ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಇದೆ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇದು ಸುಮಾರು 47 ಗ್ರಾಂ, ಅಂದರೆ ಒಂಬತ್ತು ಹತ್ತು ಟೀ ಚಮಚದಷ್ಟು. ಅಷ್ಟಿದ್ದರೂ ಹಾಲು ಪಾಯಸದ ಹಾಗೆ ಸಿಹಿ ಇಲ್ಲ. ಯಾಕೆಂದರೆ ಲ್ಯಾಕ್ಟೋಸ್‌ನ ಸಿಹಿ ನಾವು ಟೀಗೆ ಹಾಕುವ ಸಕ್ಕರೆಗಿಂತ ತುಂಬಾ ಕಡಿಮೆ.

ಈ ಸಕ್ಕರೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಅವು ತಿಂದಾದ ಮೇಲೆ ಹೊರಗೆ ಬಿಡುವ ವಸ್ತುವೇ ಲ್ಯಾಕ್ಟಿಕ್ ಆಮ್ಲ. ಮೊಸರಿನ ಹುಳಿ, ಮಜ್ಜಿಗೆಯ ಹುಳಿ, ರಾತ್ರಿ ಇಟ್ಟ ಹಾಲಿನ ಹುಳಿ ಎಲ್ಲದರ ಹಿಂದೆಯೂ ಇದೇ ಇದೆ. ಕಾರ್ಲ್ ಷೀಲೆ ಅನ್ನೋ ಸ್ವೀಡನ್ ದೇಶದ ರಸಾಯನ ವಿಜ್ಞಾನಿ 1780ರಲ್ಲಿ ಹುಳಿ ಹಾಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದ. ಆದರೆ ಅದನ್ನು ತಯಾರಿಸುವುದು ಕಣ್ಣಿಗೆ ಕಾಣದ ಜೀವಿಗಳು ಅಂತ ಲೂಯಿ ಪಾಶ್ಚರ್ ಹೇಳಿದ್ದು 1857ರಲ್ಲಿ.

2. ಹಸುವಿನ ಹೊಟ್ಟೆಯಿಂದಲೇ ಬ್ಯಾಕ್ಟೀರಿಯಾ ಬರುತ್ತಾ?

ಇಲ್ಲ. ಆರೋಗ್ಯವಾಗಿರುವ ಹಸುವಿನ ಕೆಚ್ಚಲ ಒಳಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ. ಹಾಲು ಹೊರಗೆ ಬರುವ ದಾರಿಯಲ್ಲಿ ಅವು ಸೇರಿಕೊಳ್ಳುತ್ತವೆ.

ಮೊಲೆಯ ತುದಿಯಲ್ಲಿ ಸ್ವಲ್ಪ ಇರುತ್ತವೆ, ಮೊದಲ ಎರಡು ಮೂರು ಹಿಂಡಿನಲ್ಲಿ ಅವು ಹೊರಬರುತ್ತವೆ. ಕೆಚ್ಚಲಿಗೆ ಅಂಟಿದ ಸಗಣಿ, ಬಾಲ ಬೀಸಿದಾಗ ಬೀಳುವ ಕೂದಲು, ಹಿಂಡುವವರ ಕೈ, ಇವುಗಳಿಂದಲೂ ಬರುತ್ತವೆ. ಆದರೆ ಹೆಚ್ಚಿನ ಮನೆಗಳಲ್ಲಿ ದೊಡ್ಡ ಪಾಲು ಬರುವುದು ಪಾತ್ರೆಯಿಂದ ಮತ್ತು ಸೋಸುವ ಬಟ್ಟೆಯಿಂದ. ನಿನ್ನೆ ಸೋಸಿದ ಬಟ್ಟೆಯನ್ನು ಬರೀ ನೀರಲ್ಲಿ ಅದ್ದಿ ಒದ್ದೆಯಾಗಿಯೇ ಮೊಳೆಗೆ ನೇತುಹಾಕಿದ್ದರೆ, ಅದರ ಎಳೆಗಳ ನಡುವೆ ಉಳಿದ ಹಾಲಿನಲ್ಲಿ ರಾತ್ರಿಯಿಡೀ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಇವತ್ತು ಅದರಲ್ಲಿ ಸೋಸಿದರೆ ಹಾಲಿಗೆ ನಾವೇ ಹೆಪ್ಪು ಹಾಕಿದ ಹಾಗೆ. ಒಳಗೆ ಗೀರು ಬಿದ್ದ ಹಳೇ ಪ್ಲಾಸ್ಟಿಕ್ ಕ್ಯಾನ್ ಕೂಡ ಅಷ್ಟೇ. ಗೀರಿನೊಳಗೆ ಬ್ರಷ್ ಹೋಗುವುದಿಲ್ಲ.

3. ಸಕ್ಕರೆ ತಿಂದರೆ ಆಸಿಡ್ ಯಾಕೆ ಬಿಡಬೇಕು? ನಾವೂ ಸಕ್ಕರೆ ತಿಂತೀವಲ್ಲ?

ಒಳ್ಳೆ ಪ್ರಶ್ನೆ. ನಾವು ಉಸಿರಾಡಿದ ಆಮ್ಲಜನಕದಿಂದ ಸಕ್ಕರೆಯನ್ನು ಪೂರ್ತಿ ಸುಟ್ಟು ಶಕ್ತಿ ಪಡೆಯುತ್ತೇವೆ. ಕೊನೆಗೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಹಾಲು ಹುಳಿಸುವ ಬ್ಯಾಕ್ಟೀರಿಯಾಗೆ ಹಾಗೆ ಸುಡುವ ವ್ಯವಸ್ಥೆ ಇಲ್ಲ. ಅದು ಸಕ್ಕರೆಯನ್ನು ಅರ್ಧಕ್ಕೆ ಒಡೆದು, ಸಿಕ್ಕಷ್ಟು ಶಕ್ತಿ ತಗೊಂಡು, ಉಳಿದದ್ದನ್ನು ಹೊರಗೆ ಹಾಕುತ್ತೆ.

ಲ್ಯಾಕ್ಟೋಸ್ ಅಂದರೆ ಜೋಡೆತ್ತಿನ ಹಾಗೆ. ಗ್ಲೂಕೋಸ್, ಗ್ಯಾಲಕ್ಟೋಸ್ ಅನ್ನೋ ಎರಡು ಚಿಕ್ಕ ಸಕ್ಕರೆಗಳು ಒಂದೇ ನೊಗಕ್ಕೆ ಕಟ್ಟಿರುತ್ತವೆ. ಬ್ಯಾಕ್ಟೀರಿಯಾ ಮೊದಲು ನೊಗ ಬಿಚ್ಚಿ ಎರಡನ್ನೂ ಬೇರೆ ಮಾಡುತ್ತೆ. ಆಮೇಲೆ ಒಂದೊಂದನ್ನೂ ಮಧ್ಯಕ್ಕೆ ಮುರಿಯುತ್ತೆ. ಆ ಮುರಿಯುವಿಕೆಯಲ್ಲೇ ಅದಕ್ಕೆ ಶಕ್ತಿ ಸಿಗುವುದು. ಎರಡು ಸಕ್ಕರೆ ಮುರಿದು ನಾಲ್ಕು ತುಂಡಾದವಲ್ಲ, ಆ ನಾಲ್ಕೂ ಕೊನೆಗೆ ಲ್ಯಾಕ್ಟಿಕ್ ಆಮ್ಲವಾಗಿ ಹೊರಬರುತ್ತವೆ. ಒಂದು ಲ್ಯಾಕ್ಟೋಸ್ ಹೋದರೆ ನಾಲ್ಕು ಆಮ್ಲ. ಈ ಕೆಲಸದಲ್ಲಿ ಮುಂದಿರುವುದು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಅನ್ನೋ ಬ್ಯಾಕ್ಟೀರಿಯಾ.

ಅರ್ಧಕ್ಕೆ ಒಡೆದಾಗ ಸಿಗುವ ಶಕ್ತಿ ತುಂಬಾ ಕಡಿಮೆ. ಹಾಗಾಗಿ ಅದು ಬದುಕಬೇಕಾದರೆ ಸಕ್ಕರೆಯನ್ನು ಒಡೀತಾನೇ ಇರಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಇಷ್ಟೊಂದು ಆಮ್ಲ ಮಾಡುವುದಕ್ಕೆ ಇದೇ ಕಾರಣ.

4. ಅಷ್ಟು ಚಿಕ್ಕದು ಒಂದೇ ರಾತ್ರೀಲಿ ಇಷ್ಟು ಹಾಲು ಹೇಗೆ ಕೆಡಿಸುತ್ತೆ?

ಬ್ಯಾಕ್ಟೀರಿಯಾ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ನಾಲ್ಕು ಎಂಟಾಗುತ್ತೆ. ಮಕ್ಕಳಿಗೆ ನೆಲದ ಮೇಲೆ ಕಡ್ಲೆಕಾಳು ಇಟ್ಟು ತೋರಿಸಿ. ಹತ್ತನೇ ಸಲಕ್ಕೆ ಒಂದು ಕಾಳಿನ ಜಾಗದಲ್ಲಿ 1,024 ಕಾಳು ಬೇಕಾಗುತ್ತೆ.

ಈಗ ಹಾಲಿನ ಲೆಕ್ಕ ಮಾಡೋಣ. ಸಂಜೆ 6 ಗಂಟೆಗೆ ಹಿಂಡಿದ ಹಾಲಿನ ಒಂದು ಮಿಲಿಲೀಟರ್‌ನಲ್ಲಿ ಹುಳಿಸುವ ಬ್ಯಾಕ್ಟೀರಿಯಾ 10,000 ಇವೆ ಅಂತ ಇಟ್ಟುಕೊಳ್ಳಿ. ಹಸಿ ಹಾಲಿನಲ್ಲಿ ಸಹಜವಾಗಿಯೇ ಬ್ಯಾಕ್ಟೀರಿಯಾವನ್ನು ತಡೆಯುವ ಕೆಲವು ವಸ್ತುಗಳಿರುತ್ತವೆ, ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬ್ಯಾಕ್ಟೀರಿಯಾಗೂ ಸಮಯ ಬೇಕು. ಹಾಗಾಗಿ ಮೊದಲ ಎರಡು ಗಂಟೆ ಬಿಟ್ಟುಬಿಡೋಣ. ಎಂಟು ಗಂಟೆಯಿಂದ ಮುಂದೆ, 25 ಡಿಗ್ರಿ ಇರುವ ಅಡುಗೆಮನೆಯಲ್ಲಿ 45 ನಿಮಿಷಕ್ಕೊಮ್ಮೆ ಅವು ಎರಡರಷ್ಟಾಗುತ್ತವೆ ಅಂತ ಹಿಡಿಯೋಣ. ಒಂದು ಮಿಲಿಲೀಟರ್‌ಗೆ ಸುಮಾರು ಒಂದು ಕೋಟಿ ಆದ ಮೇಲೆ ಹುಳಿ ಗೊತ್ತಾಗಲು ಶುರು.

10,000 ಅನ್ನೋದು ಒಂದು ಕೋಟಿ ಆಗಲು ಹತ್ತು ಸಲ ಎರಡರಷ್ಟಾದರೆ ಸಾಕು. ಅಂದರೆ ಏಳೂವರೆ ಗಂಟೆ. ಬೆಳಗಿನ ಜಾವ ಮೂರೂವರೆಗೇ ಹಾಲು ಕೈ ತಪ್ಪಿತು. ಆರು ಗಂಟೆಗೆ ನೀವು ಮುಚ್ಚಳ ತೆಗೆಯುವ ಹೊತ್ತಿಗೆ ಎಂಟು ಕೋಟಿ ದಾಟಿರುತ್ತೆ.

ಅದೇ ಮನೆಯಲ್ಲಿ ಸೋಸುವ ಬಟ್ಟೆ ಕೊಳಕಾಗಿದ್ದು, ಶುರುವಿನಲ್ಲೇ ಒಂದು ಲಕ್ಷ ಇದ್ದರೆ? ರಾತ್ರಿ ಒಂದೂಕಾಲಿಗೇ ಕೋಟಿ ದಾಟುತ್ತೆ. ಶುಚಿಯಾಗಿ ಹಿಂಡಿ ಶುರುವಿನಲ್ಲಿ ಬರೀ 1,000 ಇದ್ದರೆ? ಬೆಳಗ್ಗೆ ಆರಕ್ಕೆ ಸ್ವಲ್ಪ ಮುಂಚೆ ಇನ್ನೂ 82 ಲಕ್ಷ. ಅಂದರೆ ಅಂಚಿನಲ್ಲಿ ನಿಂತಿದೆ, ಬಿದ್ದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಶುರುವಿನಲ್ಲಿ ಅದೇ 10,000, ಆದರೆ ಹಾಲನ್ನು 20 ಡಿಗ್ರಿಗೆ ತಂಪು ಮಾಡಿದ್ದೀರಿ, ಎರಡರಷ್ಟಾಗಲು ಒಂದೂವರೆ ಗಂಟೆ ಬೇಕು. ಬೆಳಗ್ಗೆ ಆರಕ್ಕೆ ಇರುವುದು ಸುಮಾರು ಹತ್ತು ಲಕ್ಷ ಮಾತ್ರ. ಕೋಟಿಯ ಹತ್ತನೇ ಒಂದು ಭಾಗ.

ಇವು ವಿಷಯ ಅರ್ಥವಾಗಲಿ ಅಂತ ಹಾಕಿದ ಲೆಕ್ಕ. ನಿಮ್ಮ ಮನೆಯ ಹಾಲಿನಲ್ಲಿ ಸಮಯ ಹಿಂದೆ ಮುಂದೆ ಆಗಬಹುದು. ಆದರೆ ಸಾರ ಬದಲಾಗುವುದಿಲ್ಲ. ಹಾಲು ಹುಳಿಯಾದದ್ದು ಬೆಳಗ್ಗೆ ಗೊತ್ತಾಗುತ್ತೆ, ಅದು ಹುಳಿಯಾಗುತ್ತೋ ಇಲ್ಲವೋ ಅನ್ನೋದು ಸಂಜೆ ಹಿಂಡಿದ ಮೊದಲ ಒಂದು ಗಂಟೆಯಲ್ಲೇ ತೀರ್ಮಾನವಾಗಿರುತ್ತೆ. ಎಷ್ಟು ಬ್ಯಾಕ್ಟೀರಿಯಾ ಒಳಗೆ ಬಿಟ್ಟಿರಿ, ಎಷ್ಟು ಬೇಗ ತಂಪು ಮಾಡಿದಿರಿ, ಇವೆರಡೇ.

5. ಪಾತ್ರೆಯಲ್ಲಿ ಚೆನ್ನಾಗೇ ಇತ್ತು, ಒಲೆ ಮೇಲಿಟ್ಟ ತಕ್ಷಣ ಯಾಕೆ ಒಡೀತು?

ಹಾಲಿನಲ್ಲಿ ಕೇಸಿನ್ ಅನ್ನೋ ಪ್ರೋಟೀನ್ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತೆ. ಎಲ್ಲಾ ಉಂಡೆಗಳ ಮೇಲೂ ಒಂದೇ ಥರದ ವಿದ್ಯುತ್ ಇರುತ್ತೆ. ಎರಡು ಅಯಸ್ಕಾಂತದ ಒಂದೇ ತುದಿಗಳನ್ನು ಹತ್ತಿರ ತಂದರೆ ಹೇಗೆ ತಳ್ಳಿಕೊಳ್ಳುತ್ತವೋ, ಹಾಗೆ ಇವೂ ಒಂದನ್ನೊಂದು ತಳ್ಳುತ್ತಾ ದೂರ ನಿಲ್ಲುತ್ತವೆ. ಅದಕ್ಕೇ ಹಾಲು ತೆಳ್ಳಗೆ ಹರಿಯುತ್ತೆ.

ಆಮ್ಲ ಸೇರುತ್ತಾ ಹೋದಂತೆ ಈ ತಳ್ಳುವ ಶಕ್ತಿ ಕಡಿಮೆಯಾಗುತ್ತೆ. ತಾಜಾ ಹಾಲಿನ ಪಿಹೆಚ್ 6.6ರ ಆಸುಪಾಸು. ಅದು 4.6ಕ್ಕೆ ಇಳಿದಾಗ ತಳ್ಳುವ ಶಕ್ತಿ ಪೂರ್ತಿ ಹೋಗಿ ಉಂಡೆಗಳು ಅಂಟಿಕೊಂಡು ಹಾಲು ಗಟ್ಟಿಯಾಗುತ್ತೆ. ಮೊಸರಾಗುವುದು ಹೀಗೆ.

ಆದರೆ ಬಿಸಿ ಮಾಡಿದರೆ ಅಷ್ಟು ದೂರ ಇಳಿಯುವವರೆಗೂ ಕಾಯಬೇಕಿಲ್ಲ. ಪಿಹೆಚ್ ಸುಮಾರು 6ಕ್ಕಿಂತ ಕೆಳಗೆ ಬಂದಿದ್ದರೆ ಸಾಕು, ಕುದಿಯುವ ಬಿಸಿಗೆ ಉಂಡೆಗಳು ಅಂಟಿಕೊಂಡು ಹಾಲು ಒಡೆಯುತ್ತೆ. ಬಾಯಿಗೆ ಹುಳಿ ಸರಿಯಾಗಿ ಗೊತ್ತಾಗದ, ಕಣ್ಣಿಗೆ ಚೆನ್ನಾಗೇ ಕಾಣುವ ಹಾಲು ಒಲೆ ಮೇಲೆ ಒಡೆಯುವುದು ಇದಕ್ಕೇ.

ಇಲ್ಲಿ ಹೈನುಗಾರರು ಗಮನಿಸಬೇಕಾದ ಒಂದು ವಿಷಯ ಇದೆ. ಐದು ಲೀಟರ್ ಸಂಜೆ ಹಾಲು ಇದೆ ಅನ್ನಿ. ತಾಜಾ ಹಾಲನ್ನು ಪರೀಕ್ಷೆ ಮಾಡಿದರೂ ಶೇ. 0.14ರಷ್ಟು ಆಮ್ಲತೆ ತೋರಿಸುತ್ತೆ. ಅದು ಹಾಲಿನ ಪ್ರೋಟೀನ್, ಲವಣಗಳ ಗುಣ, ಬ್ಯಾಕ್ಟೀರಿಯಾ ಮಾಡಿದ್ದಲ್ಲ. ಅದು ಶೇ. 0.21 ದಾಟಿದರೆ ಹಾಲು ಕಾಯಿಸುವಾಗ ಒಡೆಯುವ ಅಪಾಯ ಶುರು. ನಡುವಿನ ವ್ಯತ್ಯಾಸ ಶೇ. 0.07, ಅಂದರೆ ಲೀಟರಿಗೆ 0.7 ಗ್ರಾಂ, ಐದು ಲೀಟರಿಗೆ 3.5 ಗ್ರಾಂ ಆಮ್ಲ. ಆ ಐದು ಲೀಟರಿನಲ್ಲಿ ಲ್ಯಾಕ್ಟೋಸ್ ಇರುವುದು ಸುಮಾರು 235 ಗ್ರಾಂ. ಅದರಲ್ಲಿ ಒಂದು ಟೀ ಚಮಚದಷ್ಟೂ ಅಲ್ಲದ ಸಕ್ಕರೆ ಆಮ್ಲವಾದರೆ ಸಾಕು, ಐದು ಲೀಟರ್ ಹಾಲೂ ವಾಪಸ್ ಬರುತ್ತೆ.

6. ಅಡುಗೆ ಸೋಡಾ ಹಾಕಿದರೆ ಹುಳಿ ಹೋಗುತ್ತಲ್ಲ?

ಇದನ್ನು ಕೇಳಿದ್ದು ಆರನೇ ಕ್ಲಾಸ್ ಹುಡುಗ. ದೊಡ್ಡವರು ಹಾಕುವುದನ್ನು ಎಲ್ಲೋ ನೋಡಿರಬೇಕು.

ಸೋಡಾ ಆಮ್ಲವನ್ನು ತಟಸ್ಥ ಮಾಡುತ್ತೆ, ಅದು ನಿಜ. ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಮೊಸರು ಒಂದು ಮಟ್ಟಕ್ಕಿಂತ ಹುಳಿಯಾಗದೆ ನಿಧಾನವಾಗುವುದು ಯಾಕೆ ಗೊತ್ತಾ? ತಾವೇ ಮಾಡಿದ ಆಮ್ಲ ಆ ಬ್ಯಾಕ್ಟೀರಿಯಾಗಳಿಗೇ ತಡೆಯುವುದಿಲ್ಲ. ಚೆನ್ನಾಗಿ ಹುಳಿದ ಮೊಸರಿನಲ್ಲೂ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಲ್ಯಾಕ್ಟೋಸ್ ಹಾಗೇ ಉಳಿದಿರುತ್ತೆ. ಆಮ್ಲವೇ ಅವುಗಳಿಗೆ ಬ್ರೇಕ್. ಸೋಡಾ ಹಾಕಿದರೆ ನಾವು ಆ ಬ್ರೇಕ್ ಕಿತ್ತುಹಾಕಿದ ಹಾಗೆ. ಉಳಿದ ಸಕ್ಕರೆ ಮೇಲೆ ಅವು ಇನ್ನಷ್ಟು ಬೆಳೆಯುತ್ತವೆ, ಆಮ್ಲಕ್ಕೆ ಹೆದರಿ ಸುಮ್ಮನಿದ್ದ ಕೆಟ್ಟ ಬ್ಯಾಕ್ಟೀರಿಯಾಗಳೂ ಜೊತೆಗೆ ಏಳುತ್ತವೆ.

ಅದೂ ಅಲ್ಲದೆ ಹಾಲಿಗೆ ಸೋಡಾ ಹಾಕುವುದು ಕಾನೂನಿನ ಪ್ರಕಾರ ಕಲಬೆರಕೆ. ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಸೋಡಾ ಬೆರೆತ ಹಾಲು ಗುಲಾಬಿ ಕೆಂಪು ಬಣ್ಣಕ್ಕೆ ತಿರುಗಿ ಸಿಕ್ಕಿಬೀಳುತ್ತೆ. ಹುಳಿ ಹಾಲು ಒಂದು ದಿನದ ನಷ್ಟ. ಸೋಡಾ ಹಾಲು ಹೆಸರಿನ ನಷ್ಟ.

7. ತಾನಾಗೇ ಹುಳಿಯಾದ ಹಾಲೂ ಮೊಸರೇ ಅಲ್ವಾ? ತಿನ್ನಬಹುದಾ?

ರಾಸಾಯನಿಕವಾಗಿ ಎರಡೂ ಒಂದೇ ದಾರಿ. ಆದರೆ ಕೆಲಸಕ್ಕೆ ಬಂದವರು ಯಾರು ಅನ್ನೋದು ಬೇರೆ. ಮೊಸರು ಮಾಡುವಾಗ ಮೊದಲು ಹಾಲು ಕಾಯಿಸುತ್ತೇವೆ, ಹೆಚ್ಚು ಕಮ್ಮಿ ಎಲ್ಲ ಬ್ಯಾಕ್ಟೀರಿಯಾ ಸಾಯುತ್ತವೆ. ಆಮೇಲೆ ಉಗುರು ಬೆಚ್ಚಗಾದಾಗ ಹೆಪ್ಪು ಹಾಕಿ, ನಮಗೆ ಬೇಕಾದ ಬ್ಯಾಕ್ಟೀರಿಯಾವನ್ನು ಕೋಟಿಗಟ್ಟಲೆ ಒಟ್ಟಿಗೇ ಇಳಿಸುತ್ತೇವೆ. ಅವು ಬೇಗ ಆಮ್ಲ ಮಾಡಿ ಬೇರೆಯವರಿಗೆ ಜಾಗ ಕೊಡುವುದಿಲ್ಲ. ಬಿತ್ತನೆ ಬೀಜ ತಂದು ಹದ ಮಾಡಿದ ಹೊಲದಲ್ಲಿ ಬಿತ್ತಿದ ಹಾಗೆ.

ಹಸಿ ಹಾಲು ತಾನಾಗೇ ಹುಳಿಯಾದರೆ ಅದು ಬೀಡು ಬಿಟ್ಟ ಹೊಲ. ಒಳ್ಳೆಯದೂ ಕಳೆಯೂ ಒಟ್ಟಿಗೇ ಬೆಳೆದಿರುತ್ತೆ. ಗಟ್ಟಿಯಾದ ಹಾಲಿನಲ್ಲಿ ಗುಳ್ಳೆ, ಬಿರುಕು ಕಂಡರೆ ಗ್ಯಾಸ್ ಮಾಡುವ ಬ್ಯಾಕ್ಟೀರಿಯಾ ಸೇರಿವೆ ಅಂತ ಅರ್ಥ, ಅವು ಸಾಮಾನ್ಯವಾಗಿ ಸಗಣಿಯಿಂದ ಬಂದವು. ಎತ್ತಿದರೆ ನೂಲಿನ ಹಾಗೆ ಎಳೆ ಬಂದರೆ, ಕೆಟ್ಟ ವಾಸನೆ ಅಥವಾ ಕಹಿ ಇದ್ದರೆ ಮಾತಾಡದೆ ಚೆಲ್ಲಿ. ಇವೇನೂ ಕಾಣದಿದ್ದರೂ ಕಾಯಿಸದ ಹಾಲು ತಾನಾಗೇ ಹುಳಿದದ್ದನ್ನು ಮಕ್ಕಳಿಗೆ ಕೊಡಬೇಡಿ. ಹಸುವಿಗೆ ಬ್ರುಸೆಲ್ಲೋಸಿಸ್‌ನಂಥ ರೋಗ ಇದ್ದರೆ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತೆ, ಹುಳಿಯಾದ ಮಾತ್ರಕ್ಕೆ ಆ ಅಪಾಯ ಹೋಗುವುದಿಲ್ಲ.

ಇದರ ಉಲ್ಟಾ ಸಮಸ್ಯೆಯೂ ಇದೆ. ಒಳ್ಳೆ ಹೆಪ್ಪು ಹಾಕಿದರೂ ಹಾಲು ಮೊಸರಾಗದೆ ಹಾಗೇ ನಿಂತರೆ, ಇತ್ತೀಚೆಗೆ ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಡಿಸಿದ್ದೀರಾ ನೆನಪಿಸಿಕೊಳ್ಳಿ. ಆ ಔಷಧಿ ಹಾಲಿಗೆ ಇಳಿದು ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ತಡೆಯುತ್ತೆ. ಡಾಕ್ಟರ್ ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಮಾರಬಾರದು, ಮನೆಯಲ್ಲೂ ಬಳಸಬಾರದು.

ಸಂಜೆಯ ಮೊದಲ ಒಂದು ಗಂಟೆ: ಏನು ಮಾಡಬೇಕು

ಹಿಂಡುವ ಮುಂಚೆ ಕೆಚ್ಚಲು ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಲೇಬೇಕು. ಒರೆಸದೆ ಹಿಂಡಿದರೆ ಕೊಳಕು ನೀರು ಕೈಗುಂಟ ಇಳಿದು ಬಕೆಟ್‌ಗೇ ಬೀಳುತ್ತೆ, ಅದಕ್ಕಿಂತ ತೊಳೆಯದಿರುವುದೇ ವಾಸಿ. ಮೊದಲ ಎರಡು ಮೂರು ಹಿಂಡನ್ನು ಬೇರೆ ಲೋಟಕ್ಕೆ ತೆಗೆಯಿರಿ, ನೆಲಕ್ಕೆ ಬೇಡ. ಲೋಟದಲ್ಲಿ ಗರಣೆ ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಅಂತಲೂ ಗೊತ್ತಾಗುತ್ತೆ.

ಸೋಸುವ ಬಟ್ಟೆಯನ್ನು ಸೋಪು ಹಾಕಿ ತೊಳೆದು, ಕುದಿಯುವ ನೀರಲ್ಲಿ ಅದ್ದಿ, ಬಿಸಿಲಲ್ಲಿ ಗರಿಗರಿ ಒಣಗಿಸಿ. ಎರಡು ಬಟ್ಟೆ ಇಟ್ಟುಕೊಂಡರೆ ಸಂಜೆಗೊಂದು ಬೆಳಗ್ಗೆಗೊಂದು ಆಗುತ್ತೆ. ಕ್ಯಾನ್ ಸ್ಟೀಲಿನದಾದರೆ ಒಳ್ಳೇದು. ತೊಳೆದ ಮೇಲೆ ಬೋರಲು ಹಾಕಿ ನೀರು ಪೂರ್ತಿ ಇಳಿಯಲಿ.

ಇನ್ನು ತಂಪು ಮಾಡುವುದು. ಈಗ ಹಿಂಡಿದ ಹಾಲು ಸುಮಾರು 37 ಡಿಗ್ರಿ ಇರುತ್ತೆ, ಬ್ಯಾಕ್ಟೀರಿಯಾಗೆ ಅದು ಹದವಾದ ಬಿಸಿ. ಮುಚ್ಚಳ ಬಿಗಿದು ಮೂಲೆಯಲ್ಲಿಟ್ಟರೆ ಆ ಬಿಸಿ ಗಂಟೆಗಟ್ಟಲೆ ಇಳಿಯುವುದಿಲ್ಲ. ಸೋಸಿದ ತಕ್ಷಣ ಕ್ಯಾನನ್ನು ತಣ್ಣೀರಿನ ಟಬ್ಬಿನಲ್ಲಿಡಿ. ಹೊರಗಿನ ನೀರಿನ ಮಟ್ಟ ಒಳಗಿನ ಹಾಲಿನ ಮಟ್ಟಕ್ಕಿಂತ ಸ್ವಲ್ಪ ಮೇಲಿರಲಿ. ಕುದಿಯುವ ನೀರಲ್ಲಿ ಅದ್ದಿ ತೆಗೆದ ಸೌಟಿನಿಂದ ಆಗಾಗ ನಿಧಾನಕ್ಕೆ ಕದಡಿ, ಇಲ್ಲದಿದ್ದರೆ ಅಂಚಿನ ಹಾಲು ಮಾತ್ರ ತಣ್ಣಗಾಗುತ್ತೆ. ಹತ್ತು ಹದಿನೈದು ನಿಮಿಷಕ್ಕೆ ನೀರು ಬೆಚ್ಚಗಾಗಿರುತ್ತೆ, ಅದನ್ನು ಗಿಡಕ್ಕೆ ಹಾಕಿ ಹೊಸ ನೀರು ತುಂಬಿ. ಫ್ರಿಜ್ ಇದ್ದವರು ಎರಡು ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಗಡ್ಡೆಕಟ್ಟಿಸಿ ಟಬ್ಬಿನ ನೀರಿಗೆ ಹಾಕಬಹುದು. ಐಸನ್ನು ಹಾಲಿಗೆ ಮಾತ್ರ ಹಾಕಬೇಡಿ.

ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ಗಾಳಿಗಿಡುವ ಹಳೇ ಪದ್ಧತಿ ಕಲಬುರಗಿ, ರಾಯಚೂರಿನಂಥ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತೆ, ಯಾಕೆಂದರೆ ನೀರು ಬೇಗ ಆವಿಯಾಗಿ ಬಿಸಿ ಎಳೆಯುತ್ತೆ. ಉಡುಪಿ, ಕಾರವಾರದ ಕಡೆ ಗಾಳಿಯಲ್ಲೇ ತೇವ ತುಂಬಿರುವುದರಿಂದ ಗೋಣಿಯನ್ನು ನಂಬಬೇಡಿ, ನೀರಿನ ಟಬ್ಬೇ ಗತಿ.

ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಟ್ಟರೆ ಹುಳಿಸುವ ಬ್ಯಾಕ್ಟೀರಿಯಾ ಸುಮಾರಾಗಿ ನಿಂತೇ ಹೋಗುತ್ತವೆ. ಆದರೆ ತಂಪಿನಲ್ಲೂ ಬೆಳೆಯುವ ಬೇರೆ ಬ್ಯಾಕ್ಟೀರಿಯಾ ಇವೆ, ಅವು ಸಕ್ಕರೆ ಬಿಟ್ಟು ಪ್ರೋಟೀನ್ ಮತ್ತು ಕೊಬ್ಬಿಗೆ ಕೈ ಹಾಕುತ್ತವೆ. ಹಲವು ದಿನ ಫ್ರಿಜ್‌ನಲ್ಲಿದ್ದ ಹಾಲು ಹುಳಿಯಾಗದೆ ಕಹಿಯಾಗುವುದು ಹೀಗೆ.

ಬೆಳಗ್ಗೆ ಕ್ಯಾನ್ ಎತ್ತುವ ಮುಂಚೆ: ಸೌಟಿನ ಪರೀಕ್ಷೆ

ಸಂಜೆ ಹಾಲಿನಿಂದ ಎರಡು ಚಮಚ ಸಣ್ಣ ಸ್ಟೀಲ್ ಸೌಟಿಗೆ ಹಾಕಿ, ಸಣ್ಣ ಉರಿಯಲ್ಲಿ ಕುದಿ ಬರುವವರೆಗೂ ಹಿಡಿಯಿರಿ. ಸೌಟನ್ನು ಓರೆ ಮಾಡಿ ನೋಡಿ. ಹಾಲು ನಯವಾಗಿ ಹರಿದರೆ ಸದ್ಯಕ್ಕೆ ಕಾಯಿಸಿದರೆ ಒಡೆಯುವುದಿಲ್ಲ. ಸೌಟಿನ ಗೋಡೆಗೆ ರವೆಯಂಥ ಕಾಳು ಅಂಟಿದ್ದರೆ ಆಮ್ಲ ಗಡಿ ದಾಟಿದೆ. ಆಗ ಆ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಲೇಬೇಡಿ. ಬೆರೆಸಿದರೆ ಹುಳಿ ಸ್ವಲ್ಪ ತೆಳುವಾದೀತು, ಆದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾವನ್ನು 37 ಡಿಗ್ರಿಯ ತಾಜಾ ಹಾಲಿಗೆ ಇಳಿಸಿದ ಹಾಗಾಗುತ್ತೆ. ಬಿಸಿಲೇರುವಷ್ಟರಲ್ಲಿ ಎರಡೂ ಹೋಗುತ್ತೆ.

ಸೌಟಿನಲ್ಲಿ ಕಾಳು ಕಾಣದಿದ್ದರೂ ಸಂಜೆ ಹಾಲು, ಬೆಳಗಿನ ಹಾಲು ಬೇರೆ ಬೇರೆ ಕ್ಯಾನಿನಲ್ಲೇ ಇರಲಿ. ಸಂಜೆ ಹಾಲು ಮೊದಲು ಖಾಲಿಯಾಗಲಿ. ಈ ಪರೀಕ್ಷೆಗೆ ಹಿಡಿಯುವುದು ಎರಡು ಮೂರು ನಿಮಿಷ. ಒಲೆ ಹತ್ತಿರ ಜೊತೆಗೆ ನಿಂತುಕೊಂಡರೆ ಕಾಳು ಬಂತೋ ಇಲ್ಲವೋ ನೋಡಿ ಹೇಳುವ ಕೆಲಸ ಮಕ್ಕಳಿಗೇ ಕೊಡಿ, ಅವರ ಕಣ್ಣು ನಮಗಿಂತ ಚುರುಕು.